ರೆನೆಟ್ ಇಲ್ಲದ ಕ್ವಾರ್ಕ್: ಹೆಪ್ಪು ಮತ್ತು ಹದವಾದ ಬಿಸಿ

ಕೇಳುಗರಿಗೆ ನಮಸ್ಕಾರ.

ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ನೀರು ಸೋರಿ ಗಟ್ಟಿಯಾಗುತ್ತದೆ. ಕ್ವಾರ್ಕ್ ಎಂಬ ಹಸಿ ಚೀಸ್ ಇದಕ್ಕೆ ಹತ್ತಿರದ ನೆಂಟ. ಬಟ್ಟೆಗೆ ಕಟ್ಟಿದ ಮೊಸರು ಬೆಣ್ಣೆಯ ಹಾಗೆ ಜಿಡ್ಡಾಗಿ ಹರಡಿದರೆ, ಕ್ವಾರ್ಕಿನಲ್ಲಿ ಸಣ್ಣಗೆ ಹರಳುಗಟ್ಟಿದ ಮೈ ಇರುತ್ತದೆ, ಚಮಚದಲ್ಲಿ ಎತ್ತಿದರೆ ಗುಪ್ಪೆಯಾಗಿ ನಿಲ್ಲುತ್ತದೆ. ಈ ವ್ಯತ್ಯಾಸ ತರುವುದು ಮುಖ್ಯವಾಗಿ ಒಂದು ಹಂತ, ಹೆಪ್ಪುಗಟ್ಟಿದ ಮೇಲೆ ಕೊಡುವ ಹದವಾದ ಬಿಸಿ. ಇವತ್ತಿನ ಮಾತು ಹೆಚ್ಚಾಗಿ ಅದರ ಸುತ್ತಲೇ.

ಜರ್ಮನಿಯ ಡೈರಿಗಳಲ್ಲಿ ಕ್ವಾರ್ಕಿಗೆ ಹೆಪ್ಪಿನ ಜೊತೆ ಚೂರು ರೆನೆಟ್ ಸೇರಿಸುವುದು ರೂಢಿ. ರೆನೆಟ್ ಅಂದರೆ ಕರುವಿನ ಹೊಟ್ಟೆಯಿಂದಲೋ ಸೂಕ್ಷ್ಮಜೀವಿಗಳಿಂದಲೋ ಬರುವ ಕಿಣ್ವ. ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್, ಕಣ್ಣಿಗೆ ಕಾಣದ ಉಂಡೆಗಳಾಗಿ ತೇಲುತ್ತಿರುತ್ತದೆ. ಆ ಉಂಡೆಗಳ ಮೇಲೆ ಕೂದಲಿನಂಥ ಹೊದಿಕೆಯಿದೆ, ಒಂದನ್ನೊಂದು ದೂರ ಇಡುವುದು ಅದೇ. ರೆನೆಟ್ ಆ ಹೊದಿಕೆಯನ್ನು ಕತ್ತರಿಸುತ್ತದೆ. ಉಂಡೆಗಳು ಅಂಟಿಕೊಂಡು, ತಾವಾಗಿಯೇ ಕುಗ್ಗುತ್ತಾ ನೀರನ್ನು ಹೊರಗೆ ಹಾಕುತ್ತವೆ.

ಹೆಪ್ಪಿನ ದಾರಿ ಬೇರೆ. ಮೊಸರಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹುಳಿ ಏರಿ ಪಿಎಚ್ 4.6ರ ಹತ್ತಿರ ಬಂದಾಗ ಕೇಸೀನ್ ಉಂಡೆಗಳ ವಿದ್ಯುದಾವೇಶ ಇಲ್ಲವಾಗುತ್ತದೆ, ಅವು ಒಂದಕ್ಕೊಂದು ಅಂಟಿ ಬಲೆಯಾಗುತ್ತವೆ. ಆದರೆ ಈ ಬಲೆ ಬಲು ಮೆತ್ತಗೆ. ನೀರನ್ನು ಹಿಡಿದು ಸುಮ್ಮನೆ ಕೂರುತ್ತದೆ, ತಾನಾಗಿ ಹೆಚ್ಚು ಕುಗ್ಗುವುದಿಲ್ಲ. ಕುಗ್ಗಿಸಲು ಬಿಸಿ ಬೇಕು. ಬಿಸಿ ಏರಿದಂತೆ ಪ್ರೋಟೀನ್ ಎಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ, ನಡುವಿನ ನೀರು ಜಾರಿ ಬರುತ್ತದೆ.

ಎರಡು ಲೀಟರ್ ಹಾಲಿನ ಲೆಕ್ಕದಲ್ಲಿ ನೋಡೋಣ. ಪಾಶ್ಚರೀಕರಿಸಿದ, ಕೆನೆಸಹಿತ ಹಾಲು ಇರಲಿ. ಅದನ್ನು ಕುದಿಸಬೇಡಿ, 42 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡಿದರೆ ಸಾಕು. ಕರೆದ ಹಸಿ ಹಾಲಾದರೆ ಮೊದಲು 63 ಡಿಗ್ರಿಯಲ್ಲಿ 30 ನಿಮಿಷ ಇರಿಸಿ, ಆಮೇಲೆ 42ಕ್ಕೆ ಆರಿಸಿ. ಮೊಸರಿಗೆ ಮಾಡುವಂತೆ ಚೆನ್ನಾಗಿ ಕುದಿಸಿದರೆ ಏನಾಗುತ್ತದೆ? ತಿಳಿನೀರಿನ ಜೊತೆ ಹರಿದುಹೋಗಬೇಕಾದ ಪ್ರೋಟೀನುಗಳೂ ರೂಪ ಕೆಟ್ಟು ಕೇಸೀನಿಗೆ ಅಂಟಿಕೊಂಡು ನೀರನ್ನು ಹಿಡಿದಿಡುತ್ತವೆ. ತೂಕ ಹೆಚ್ಚು ಸಿಗುತ್ತದೆ, ಮೈ ನುಣುಪಾಗುತ್ತದೆ, ಆದರೆ ಸೋರುವುದು ತುಂಬ ನಿಧಾನ. ತೀರಾ ಹೆಚ್ಚಿನ ಬಿಸಿಯಲ್ಲಿ ಕಾಯಿಸಿದ, ತಿಂಗಳುಗಟ್ಟಲೆ ಕೆಡದ ಯುಎಚ್‌ಟಿ ಹಾಲು ಹೆಪ್ಪುಗಟ್ಟಿ ಆಗುವ ಗೆಡ್ಡೆ ಮೆತ್ತಗೇ ಉಳಿಯುವುದಕ್ಕೂ ಇದೇ ಕಾರಣ. ಅಂಥ ಹಾಲಿನಲ್ಲಿ ಕ್ವಾರ್ಕ್ ಮಾಡುವುದು ಶ್ರಮಕ್ಕೆ ತಕ್ಕ ಕೆಲಸವಲ್ಲ.

ಹೆಪ್ಪಿಗೆ 60 ಗ್ರಾಂ, ಅಂದರೆ ಸುಮಾರು ನಾಲ್ಕು ದೊಡ್ಡ ಚಮಚ, ತಾಜಾ ಸಪ್ಪೆ ಮೊಸರು. ಒಂದು ಬಟ್ಟಲು ಬೆಚ್ಚನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಪೂರ್ತಿ ಹಾಲಿಗೆ ಬೆರೆಸಿ. ಮುಚ್ಚಿ, ಬೆಚ್ಚಗೆ ಸುತ್ತಿ, ಅಲುಗಾಡದ ಜಾಗದಲ್ಲಿಡಿ. ಬೆಚ್ಚಗೆ ಉಳಿದರೆ 6ರಿಂದ 8 ಗಂಟೆ ಸಾಕು. ಪಾತ್ರೆ ತಣ್ಣಗಾದರೆ ಇನ್ನೂ ಹೆಚ್ಚು ಹೊತ್ತು ಬೇಕು.

ಹದ ಬಂದಿದೆಯೇ ಎಂದು ಗಡಿಯಾರ ನೋಡಿ ಹೇಳಲಾಗದು. ಪಾತ್ರೆಯನ್ನು ತುಸು ವಾಲಿಸಿ. ಗೆಡ್ಡೆ ಒಂದೇ ತುಂಡಾಗಿ ಅಂಚು ಬಿಟ್ಟು ಜರುಗಬೇಕು. ಚಾಕು ತೂರಿಸಿ ನಿಧಾನಕ್ಕೆ ಎತ್ತಿದರೆ ಸೀಳು ನೇರವಾಗಿ ಬಾಯಿಬಿಡಬೇಕು, ಸೀಳಿನೊಳಗೆ ನಿಲ್ಲುವ ನೀರು ಹಸಿರು ಮಿಶ್ರಿತ ಹಳದಿಯಾಗಿ ತಿಳಿಯಾಗಿರಬೇಕು. ಆ ನೀರು ಹಾಲಿನಂತೆ ಬೆಳ್ಳಗಿದ್ದರೆ ಹುಳಿ ಇನ್ನೂ ಸಾಲದು, ಒಂದು ಗಂಟೆ ಕಾಯಿರಿ. ಅವಸರಕ್ಕೆ ಬಿಸಿಯಿಟ್ಟರೆ ಪ್ರೋಟೀನು ನೀರಿನ ಜೊತೆ ಬಟ್ಟೆಯಿಂದ ಹೊರಟುಹೋಗುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ.

ಈಗ ಬಿಸಿಯ ಸರದಿ. ಉದ್ದನೆಯ ಚಾಕುವಿನಿಂದ ಗೆಡ್ಡೆಯನ್ನು ಪಾತ್ರೆಯಲ್ಲೇ ಎರಡು ಮೂರು ಸೆಂಟಿಮೀಟರ್ ಚೌಕಗಳಾಗಿ ಸೀಳಿ. ಒಲೆಯ ಮೇಲೆ ನೇರವಾಗಿ ಇಡಬೇಡಿ, ತಳದ ಭಾಗ ಬೆಂದು ಹೋಗುತ್ತದೆ. ದೊಡ್ಡ ಪಾತ್ರೆಯಲ್ಲಿ ಬಿಸಿನೀರಿಟ್ಟು, ಅದರೊಳಗೆ ಹೆಪ್ಪಿನ ಪಾತ್ರೆಯನ್ನು ಕೂರಿಸಿ. ಹೊರಗಿನ ನೀರು 60 ಡಿಗ್ರಿ ದಾಟದಿರಲಿ. ಒಳಗಿನ ಗೆಡ್ಡೆ 40ರಿಂದ 50 ಡಿಗ್ರಿ ತಲುಪಲು 40 ನಿಮಿಷವಾದರೂ ಹಿಡಿಯಬೇಕು. ಸೌಟಿನಿಂದ ಕದಡಬಾರದು; ಹತ್ತು ನಿಮಿಷಕ್ಕೊಮ್ಮೆ ಅಗಲವಾದ ಚಮಚದಿಂದ ಅಂಚಿನ ತುಂಡುಗಳನ್ನು ಮೆಲ್ಲನೆ ಒಳಕ್ಕೆ ಸರಿಸಿ. ತುಂಡುಗಳು ಸಣ್ಣಗಾಗಿ ಮೂಲೆಗಳು ಮೊಂಡಾಗುತ್ತವೆ, ಸುತ್ತ ತಿಳಿನೀರು ಏರುತ್ತದೆ. 50ಕ್ಕೆ ಬಂದ ಮೇಲೆ ಒಲೆ ಆರಿಸಿ, ಅದೇ ಬಿಸಿನೀರಿನಲ್ಲಿ ಅರ್ಧ ಗಂಟೆ ಬಿಡಿ.

ಬಿಸಿ ಹೆಚ್ಚಾದರೆ ಹೇಗೆ ಗೊತ್ತಾಗುತ್ತದೆ? ಒಂದು ತುಂಡನ್ನು ಬೆರಳುಗಳ ನಡುವೆ ಉಜ್ಜಿ. ಕೆನೆಯಂತೆ ಕರಗಿ ಹರಡಿದರೆ ಸರಿ. ಮರಳಿನ ಹಾಗೆ ಕಾಳುಕಾಳಾಗಿ ಉರುಳಿದರೆ 60 ದಾಟಿದೆ, ಇಲ್ಲವೇ ತೀರಾ ಬೇಗ ಏರಿದೆ. ಬೇಗ ಏರಿಸಿದಾಗ ತುಂಡಿನ ಹೊರಮೈ ಮೊದಲೇ ಬಿಗಿದು, ಒಳಗಿನ ನೀರಿಗೆ ಹಾದಿ ಮುಚ್ಚುತ್ತದೆ. ಹೊರಗೆ ಗಟ್ಟಿ, ಒಳಗೆ ನೀರು. ಇನ್ನೊಂದು ವಿಷಯ, 45 ಡಿಗ್ರಿಯವರೆಗೂ ಮೊಸರಿನ ಬ್ಯಾಕ್ಟೀರಿಯಾ ಹುರುಪಿನಿಂದಲೇ ಕೆಲಸ ಮಾಡುತ್ತವೆ, 50ರ ಸುಮಾರಿಗೆ ಮಂದವಾಗುತ್ತವೆ. ಹುಳಿ ಕಡಿಮೆ ಬೇಕಾದವರು ಗೆಡ್ಡೆ ಸಿದ್ಧವಾದ ಕೂಡಲೇ ಬಿಸಿ ಶುರುಮಾಡಬೇಕು, ರಾತ್ರಿಯಿಡೀ ಮಾಗಲು ಬಿಡಬಾರದು.

ಸೋಸುವುದು ಸುಲಭ. ಒತ್ತಾಗಿ ನೇಯ್ದ ಬಟ್ಟೆಯನ್ನು ಕುದಿಸಿ, ಹಿಂಡಿ, ಜರಡಿಯ ಮೇಲೆ ಹಾಸಿ. ಸುರಿಯದೆ, ಸೌಟಿನಲ್ಲಿ ತುಂಬಿ ತುಂಬಿ ಇಳಿಸಿ. ಮೊದಲ ಒಂದು ಗಂಟೆ ಹೊರಗೆ, ಆಮೇಲೆ ಮೂರು ನಾಲ್ಕು ಗಂಟೆ ಫ್ರಿಜ್ಜಿನಲ್ಲಿ. ಬಟ್ಟೆಯನ್ನು ಹಿಂಡಿದರೆ ಚೀಸೇ ಕಣ್ಣುಗಳಲ್ಲಿ ಸಿಕ್ಕಿ ನೀರಿಗೆ ದಾರಿ ಕಟ್ಟುತ್ತದೆ. ಬಟ್ಟೆಗೆ ಅಂಟಿದ ಪದರವನ್ನು ಆಗಾಗ ಚಮಚದಿಂದ ಕೆರೆದು ನಡುವಿಗೆ ತಂದರೆ ಸೋರುವಿಕೆ ಮತ್ತೆ ಚುರುಕಾಗುತ್ತದೆ. ಎರಡು ಲೀಟರಿಗೆ ಸುಮಾರು ಅರ್ಧ ಕಿಲೋ ಕ್ವಾರ್ಕ್, ಒಂದೂವರೆ ಲೀಟರಿನಷ್ಟು ತಿಳಿನೀರು ಸಿಗುತ್ತದೆ. ಅರ್ಧ ಕಿಲೋಗಿಂತ ತುಂಬ ಕಡಿಮೆ ಬಂದು, ಕೆಳಗಿನ ನೀರು ಬೆಳ್ಳಗಿದ್ದರೆ ಪ್ರೋಟೀನ್ ನೀರಿನೊಳಗೆ ಹೋಗಿದೆ ಎಂದೇ ಅರ್ಥ.

ಮಿಕ್ಕ ಕಾಳುಕಾಳುತನವನ್ನು ಸರಿಪಡಿಸಬಹುದು. ಒಂದೆರಡು ಚಮಚ ಹಾಲು ಅಥವಾ ಕೆನೆ ಸೇರಿಸಿ ಚೆನ್ನಾಗಿ ಬಡಿದು, ಬೇಕಾದರೆ ಸಣ್ಣ ಜರಡಿಯಲ್ಲಿ ಉಜ್ಜಿ ತೆಗೆಯಿರಿ. ಆದರೆ ಹೆಪ್ಪಿನ ಹಂತದಲ್ಲೇ ಗೆಡ್ಡೆಯೊಳಗೆ ಗಾಳಿಗುಳ್ಳೆಗಳು ಕಂಡು, ಅದು ಸ್ಪಂಜಿನಂತೆ ಮೇಲೆ ತೇಲಿದರೆ, ಹೊಲಸು ವಾಸನೆ ಬಂದರೆ, ಬೇರೆ ಸೂಕ್ಷ್ಮಜೀವಿಗಳು ಸೇರಿವೆ. ಅದಕ್ಕೆ ಯಾವ ಉಪಾಯವೂ ಇಲ್ಲ, ಚೆಲ್ಲಿಬಿಡಿ. ಪಾತ್ರೆ, ಬಟ್ಟೆ ಎರಡನ್ನೂ ಕುದಿಸಿ ಹೊಸ ಮೊಸರಿನಿಂದ ಆರಂಭಿಸಿ. ಸರಿಯಾಗಿ ಬಂದ ಕ್ವಾರ್ಕನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಮೇಲೆ ಒಂದಿಷ್ಟು ತಿಳಿನೀರು ನಿಂತರೆ ಗಾಬರಿ ಬೇಡ, ಕಲಕಿ ಬಳಸಿ.

ನಮಸ್ಕಾರ.