ಕೊನೇ ತಿಂಗಳ ಸ್ಟೈಪೆಂಡ್ ಕಮ್ಮಿ ಬಂದದ್ದು ಯಾಕೆ?

ಕೇಳುಗರಿಗೆ ನಮಸ್ಕಾರ.

2025ರ ಜೂನ್ ಕೊನೇ ವಾರ ನನ್ನ ಅಕ್ಕನ ಮಗಳು ಮನೆಗೆ ಬಂದಳು. ಎಂಜಿನಿಯರಿಂಗ್ ಕೊನೇ ಸೆಮಿಸ್ಟರ್‌ಗೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದಳು. ಜನವರಿ 1ರಿಂದ ಜೂನ್ 30ರವರೆಗೆ, ತಿಂಗಳಿಗೆ 20,000 ರೂಪಾಯಿ.

"ಮಾಮ, ಈ ತಿಂಗಳು 14,000 ಮಾತ್ರ ಹಾಕಿದ್ದಾರೆ. ಮೂರು ದಿನ ರಜೆ ಹಾಕಿದ್ದೆ, ಅದಕ್ಕೆ ಹಿಡ್ಕೊಂಡ್ರಾ?" ಅಂದಳು. ಮುಖ ಸಣ್ಣದಾಗಿತ್ತು.

ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ನೋಡಿದೆ. ಜನವರಿಯಲ್ಲಿ 20,000 ಬಂದಿದೆ. ಫೆಬ್ರವರಿಯಲ್ಲಿ 16,000, ಮಾರ್ಚ್‌ನಲ್ಲಿ 18,000. ಏಪ್ರಿಲ್, ಮೇ ಎರಡೂ ತಿಂಗಳು ಪೂರ್ತಿ 20,000. ಜೂನ್‌ನಲ್ಲಿ 14,000. ನೋಡಿದರೆ ಮನಸ್ಸಿಗೆ ಬಂದಂತೆ ಹಿಡಿದಿದ್ದಾರೆ ಅನಿಸುತ್ತದೆ ಅಲ್ವಾ? ಆದರೆ ಇದರಲ್ಲಿ ಲೆಕ್ಕ ಇದೆ. ರಜೆಗೂ ಇದಕ್ಕೂ ಸಂಬಂಧವೇ ಇಲ್ಲ.

ಆ ಕಂಪನಿ ಸ್ಟೈಪೆಂಡನ್ನು ಸಂಬಳ ಅಂತ ಬರೆದುಕೊಂಡಿರಲಿಲ್ಲ. ವೃತ್ತಿ ಸೇವೆಗೆ ಕೊಡುವ ಶುಲ್ಕ ಅಂತ ಬರೆದುಕೊಂಡಿತ್ತು. ಹಾಗಿದ್ದಾಗ ಅಂದಿನ ಆದಾಯ ತೆರಿಗೆ ಕಾಯ್ದೆಯ 194J ಕಲಂ ಪ್ರಕಾರ ನೂರಕ್ಕೆ ಹತ್ತು ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿಯಬೇಕಿತ್ತು. ಮಾರ್ಚ್ 2025ರವರೆಗೆ ವರ್ಷಕ್ಕೆ 30,000 ದಾಟಿದರೆ ಈ ನಿಯಮ. ಜನವರಿಯಲ್ಲಿ ದಾಟಲಿಲ್ಲ, ಹಿಡಿಯಲಿಲ್ಲ. ಫೆಬ್ರವರಿಯಲ್ಲಿ ಮೊತ್ತ 40,000 ಆಯಿತು. ಮಿತಿ ದಾಟಿದ ಮೇಲೆ ಮೊದಲ ರೂಪಾಯಿಯಿಂದಲೇ ತೆರಿಗೆ, ಹಾಗಾಗಿ ಎರಡು ತಿಂಗಳದ್ದು ಸೇರಿಸಿ 4,000 ಹೋಯಿತು. ಮಾರ್ಚ್‌ನಲ್ಲಿ 2,000. ಏಪ್ರಿಲ್‌ನಿಂದ ಹೊಸ ಹಣಕಾಸು ವರ್ಷ. ಮಿತಿಯೂ 50,000ಕ್ಕೆ ಏರಿತ್ತು. ಏಪ್ರಿಲ್, ಮೇ ಸೇರಿ 40,000, ಮಿತಿಯ ಒಳಗೇ ಇತ್ತು. ಜೂನ್‌ನಲ್ಲಿ 60,000 ಆಗಿದ್ದೇ ತಡ, ಮೂರು ತಿಂಗಳ 6,000 ಒಟ್ಟಿಗೆ ಹಿಡಿದರು.

ಒಟ್ಟು 12,000. ಇದು ಹೋದ ದುಡ್ಡಲ್ಲ. ಅವಳಿಗೆ ಸದ್ಯಕ್ಕೆ ಬೇರೆ ಆದಾಯ ಇಲ್ಲ, ಹಾಗೇ ಇದ್ದರೆ ತೆರಿಗೆಯೇ ಬರುವುದಿಲ್ಲ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ. ಆದರೆ ಒಂದು ಸಲ ಅಲ್ಲ, ಎರಡು ಸಲ ಸಲ್ಲಿಸಬೇಕು. ಮೊದಲ 6,000 ಮಾರ್ಚ್‌ಗೆ ಮುಗಿದ ವರ್ಷದ್ದು, ಉಳಿದ 6,000 ಮುಂದಿನ ವರ್ಷದ್ದು. ಹುಡುಗರು ಜಾಸ್ತಿ ಎಡವುವುದು ಇಲ್ಲೇ. ಒಂದು ರಿಟರ್ನ್ ಸಲ್ಲಿಸಿ ಸುಮ್ಮನಾಗುತ್ತಾರೆ. ಅಷ್ಟರಲ್ಲಿ ಕೆಲಸ ಸಿಕ್ಕಿರುತ್ತದೆ, ಹಳೇ ಸ್ಟೈಪೆಂಡ್ ಮರೆತೇ ಹೋಗಿರುತ್ತದೆ. ಎರಡನೇ ವರ್ಷದ ರಿಟರ್ನ್‌ನಲ್ಲಿ ಹೊಸ ಸಂಬಳದ ಜೊತೆ ಆ 60,000 ಕೂಡ ತೋರಿಸಬೇಕು. ಕೈಗೆ ಬಂದ 54,000 ಅಲ್ಲ, ಪೂರ್ತಿ 60,000.

ಹಿಡಿದ ದುಡ್ಡು ನಿಜವಾಗಿ ಸರ್ಕಾರಕ್ಕೆ ಕಟ್ಟಿದ್ದಾರಾ? ಅದನ್ನು incometax.gov.in ನಲ್ಲಿ ಲಾಗಿನ್ ಆಗಿ Form 26AS ತೆರೆದು ನೋಡಬಹುದು. ಅವಳ ಪ್ಯಾನ್ ಹಾಕಿ ನೋಡಿದೆವು. ಜನವರಿಯಿಂದ ಮಾರ್ಚ್‌ವರೆಗಿನ 6,000 ಅಲ್ಲಿತ್ತು. ಏಪ್ರಿಲ್‌ನಿಂದ ಜೂನ್‌ವರೆಗಿನದು ಇನ್ನೂ ಇರಲಿಲ್ಲ. ಇದಕ್ಕೆ ಗಾಬರಿ ಬೇಡ. ಆ ಮೂರು ತಿಂಗಳ ಲೆಕ್ಕ ಕೊಡಲು ಕಂಪನಿಗೆ ಜುಲೈ 31ರವರೆಗೆ ಗಡುವು. ತೆರಿಗೆ ಹಿಡಿದಿದ್ದಕ್ಕೆ Form 16A ಅನ್ನೋ ಪ್ರಮಾಣಪತ್ರ ಕೊಡಲು ಆಗಸ್ಟ್ 15ರವರೆಗೆ. ಅಂದರೆ ಕೆಲಸ ಬಿಟ್ಟು ಒಂದೂವರೆ ತಿಂಗಳಾದ ಮೇಲೆ ಬರುವ ಕಾಗದ ಅದು. ಅಷ್ಟರಲ್ಲಿ ಆಫೀಸಿನ ಇಮೇಲ್ ಮುಚ್ಚಿರುತ್ತದೆ. ಅದಕ್ಕೆ ಹೊರಡುವ ಮೊದಲೇ ಅಕೌಂಟ್ಸ್ ವಿಭಾಗಕ್ಕೆ ಸ್ವಂತ ಇಮೇಲ್ ವಿಳಾಸ ಕೊಡಲು ಹೇಳಿದೆ. ಅವರ ದಾಖಲೆಯಲ್ಲಿರುವ ಪ್ಯಾನ್ ನಂಬರ್ ಕೂಡ ಅಕ್ಷರ ಅಕ್ಷರ ತಾಳೆ ನೋಡು ಅಂದೆ. ಒಂದು ಅಕ್ಷರ ತಪ್ಪಿದರೂ ತೆರಿಗೆ ಅವಳ ಹೆಸರಿಗೆ ಸೇರುವುದಿಲ್ಲ, ಕಂಪನಿಯೇ ತಿದ್ದುಪಡಿ ಸಲ್ಲಿಸಬೇಕಾಗುತ್ತದೆ. ಪ್ಯಾನ್ ಕೊಡದೇ ಇದ್ದವರಿಗಂತೂ ನೂರಕ್ಕೆ ಇಪ್ಪತ್ತು ಹಿಡಿಯುತ್ತಾರೆ.

ಒಂದು ಮಾತು ಸೇರಿಸುತ್ತೇನೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಕಲಂಗಳ, ಫಾರ್ಮ್‌ಗಳ ನಂಬರ್ ಬದಲಾಗಿದೆ. ಈಗ ಹಿಡಿದಿದ್ದರೆ ನಾನು ಹೇಳಿದ ನಂಬರ್ ಹುಡುಕಬೇಡಿ, ಯಾವ ಕಲಂ, ಯಾವ ಫಾರ್ಮ್ ಅಂತ ಕಂಪನಿಯನ್ನೇ ಬರವಣಿಗೆಯಲ್ಲಿ ಕೇಳಿ.

ಆಮೇಲೆ ಅವಳು ಇಂಟರ್ನ್‌ಶಿಪ್ ಸರ್ಟಿಫಿಕೇಟ್ ತೋರಿಸಿದಳು. ಲೆಟರ್‌ಹೆಡ್ ಇತ್ತು, ಸಹಿ, ಸೀಲು ಎಲ್ಲ ಇತ್ತು. ಹೆಸರು ಅಂಕಪಟ್ಟಿಯಲ್ಲಿ ಇದ್ದಂತೆಯೇ ಇತ್ತು. ಆದರೆ ಶುರುವಾದ ದಿನಾಂಕ ಫೆಬ್ರವರಿ 1 ಅಂತ ಬಿದ್ದಿತ್ತು. ಬ್ಯಾಂಕಿನಲ್ಲಿ ಜನವರಿಯ ಸ್ಟೈಪೆಂಡ್ ಇದೆ, ಆಫರ್ ಲೆಟರ್‌ನಲ್ಲಿ ಜನವರಿ 1 ಇದೆ. "ಒಂದು ತಿಂಗಳು ತಾನೇ, ಬಿಡು ಮಾಮ" ಅಂದಳು. ಬಿಡಬೇಡ ಅಂದೆ. ಮುಂದೆ ಕೆಲಸಕ್ಕೆ ಸೇರುವಾಗ ಹಿನ್ನೆಲೆ ಪರಿಶೀಲನೆ ಮಾಡುವವರು ಈ ಕಾಗದಗಳನ್ನೇ ಒಂದಕ್ಕೊಂದು ಹೋಲಿಸುತ್ತಾರೆ. ದಿನಾಂಕ ಕೂಡದಿದ್ದರೆ ವಿವರಣೆ ಕೇಳುವುದು ಅವಳನ್ನೇ.

ಅವತ್ತೇ ಆಫೀಸಿನ ಇಮೇಲ್‌ನಿಂದ ಎಚ್‌ಆರ್‌ಗೆ ಬರೆದಳು. ಆಫರ್ ಲೆಟರ್ ಮತ್ತು ಜನವರಿಯ ಬ್ಯಾಂಕ್ ಜಮಾ ಎರಡನ್ನೂ ಜೊತೆಗೆ ಹಾಕಿ, ಮ್ಯಾನೇಜರ್‌ಗೂ ಒಂದು ಪ್ರತಿ ಕಳಿಸಿದಳು. ತಿದ್ದಿದ ಸರ್ಟಿಫಿಕೇಟ್ ಜೂನ್ 30ರ ಸಂಜೆ, ಅವಳ ಐಡಿ ಕಾರ್ಡ್ ವಾಪಸ್ ತೆಗೆದುಕೊಳ್ಳುವ ಹೊತ್ತಿಗೆ ಕೈಗೆ ಬಂತು.

ನಮಸ್ಕಾರ.