ಬೇರೆಯಾಗಿ ಒಗೆಯಿರಿ ಅಂದರೆ ಸಾಲದು

ಕೇಳುಗರಿಗೆ ನಮಸ್ಕಾರ. ದಾವಣಗೆರೆಯ ಮಂಡಿಪೇಟೆ ಕಡೆ ನನ್ನದೊಂದು ಪುಟ್ಟ ಕೈಮಗ್ಗದ ಬಟ್ಟೆ ಅಂಗಡಿ ಇದೆ. ಹತ್ತಿ ಸೀರೆಗಳ ಜೊತೆ ಮೊಳಕಾಲ್ಮೂರಿನ ರೇಷ್ಮೆಯನ್ನೂ ಇಟ್ಟಿದ್ದೇನೆ. ಸೀರೆ ಜೊತೆಗೆ ಗಿರಾಕಿಗಳ ಕೈಗೆ ಒಂದು ಚೀಟಿ ಕೊಡುತ್ತೇನೆ, ಹೇಗೆ ಒಗೆಯಬೇಕು ಅಂತ. ಆ ಚೀಟಿ ಬರೆಯೋದನ್ನು ನಾನು ಕಲಿತದ್ದು ಒಂದು ಸೀರೆ ಕೆಟ್ಟ ಮೇಲೆ. ಅದನ್ನೇ ಇವತ್ತು ಹೇಳುತ್ತೇನೆ.

ಕೆನೆ ಬಣ್ಣದ ಹತ್ತಿ ಸೀರೆ, ಎರಡೂ ಕಡೆ ಕಡು ಕೆಂಪು ಅಂಚು. ತಗೊಂಡವರು ಹರಿಹರದ ಒಬ್ಬ ಅಕ್ಕ. ಹದಿನೈದು ದಿನಕ್ಕೆ ವಾಪಸ್ ತಂದರು. ಒಡಲಿನ ತುಂಬಾ ಗುಲಾಬಿ ಪಟ್ಟಿಗಳು. ನಾನು ಚೀಟಿ ತೋರಿಸಿದೆ. "ಬೇರೆಯಾಗಿ ಒಗೆಯಿರಿ ಅಂತ ಬರೆದಿದ್ದೆನಲ್ಲ ಅಕ್ಕ?" ಅಂದೆ. ಅವರು, "ಬೇರೇನೇ ಒಗ್ದೀನ್ರೀ, ಬಕೆಟ್‌ನಾಗ ಇದೊಂದೇ ಸೀರೆ ಇತ್ತು" ಅಂದರು.

ಅವರ ಮಾತು ಸರಿಯಾಗಿಯೇ ಇತ್ತು. ಬೇರೆ ಬಟ್ಟೆಗೆ ಬಣ್ಣ ಹತ್ತಿರಲಿಲ್ಲ. ಸೀರೆಯ ಅಂಚಿನ ಬಣ್ಣ ಅದೇ ಸೀರೆಯ ಒಡಲಿಗೆ ಹತ್ತಿತ್ತು. ಕೇಳಿ ನೋಡಿದರೆ, ಸೋಪಿನ ಪುಡಿ ಹಾಕಿ ಸಂಜೆ ನೆನೆಸಿಟ್ಟು ಬೆಳಗ್ಗೆ ಒಗೆದಿದ್ದರು. ಆಮೇಲೆ ಹಿಂಡಿ, ಮಡಚಿದ ಹಾಗೇ ತಂತಿಗೆ ಹಾಕಿದ್ದರು. ಮಡಿಕೆಯಲ್ಲಿ ಒದ್ದೆ ಅಂಚು ಒಡಲಿಗೆ ಅಂಟಿಕೊಂಡು ಗಂಟೆಗಟ್ಟಲೆ ಇತ್ತು. ತಪ್ಪು ಅವರದಲ್ಲ, ನನ್ನ ಚೀಟಿಯದು.

ಆವತ್ತಿನಿಂದ, ಹೊಸ ಮಾಲು ಬಂದರೆ ಮೊದಲು ಪರೀಕ್ಷೆ, ಆಮೇಲೆ ಚೀಟಿ. ಪರೀಕ್ಷೆಗೆ ಸೀರೆಯನ್ನೇ ಒಗೆಯಬೇಕಿಲ್ಲ. ಸೀರೆಯ ತುದಿಯಲ್ಲಿ ಕುಚ್ಚು ಕಟ್ಟಲು ಬಿಟ್ಟಿರುವ ಎಳೆಗಳು ಇರುತ್ತವಲ್ಲ, ಅಲ್ಲಿ ಅಂಚಿನ ಬಣ್ಣದ್ದು ಎಂಟು ಹತ್ತು ಎಳೆ ಕತ್ತರಿಸಿಕೊಳ್ಳಿ. ಎರಡು ಬಿಳಿ ತುಂಡು ಬಟ್ಟೆ ಬೇಕು, ಒಂದು ಹತ್ತಿ, ಇನ್ನೊಂದು ರೇಷ್ಮೆ. ಎರಡೂ ಯಾಕೆ ಅಂದರೆ, ಹತ್ತಿಗೆ ಹತ್ತದ ಬಣ್ಣ ರೇಷ್ಮೆಗೆ ಚೆನ್ನಾಗಿ ಹತ್ತಬಹುದು. ಹತ್ತಿ ತುಂಡೊಂದನ್ನೇ ಇಟ್ಟು, ಬೆಳ್ಳಗೆ ಬಂತು ಅಂತ ಸಮಾಧಾನ ಪಟ್ಟುಕೊಂಡರೆ ರೇಷ್ಮೆ ಸೀರೆಯಲ್ಲಿ ಮೋಸ ಹೋಗುತ್ತೀರಿ.

ಎಳೆಗಳನ್ನು ಈ ಎರಡು ತುಂಡಿನ ನಡುವೆ ಇಟ್ಟು ದಾರ ಸುತ್ತಿ. ಒಂದು ಲೋಟ ತಣ್ಣೀರಿಗೆ ಚಿಟಿಕೆ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ಮುಳುಗಿಸಿಡಿ. ರೇಷ್ಮೆ ಎಳೆಯಾದರೆ ಪುಡಿ ಬದಲು ಎರಡು ಹನಿ ಶಾಂಪೂ. ಆಮೇಲೆ ಹಿಂಡಿ, ಬಿಚ್ಚದೆ ಹಾಗೇ ತಟ್ಟೆಯಲ್ಲಿ ಒಣಗಲು ಬಿಡಿ. ಬಿಚ್ಚಬಾರದು ಅನ್ನೋದು ಮುಖ್ಯ. ನಮ್ಮ ಹರಿಹರದ ಅಕ್ಕನ ಸೀರೆ ಒಣಗಿದ್ದೂ ಮಡಿಕೆಯಲ್ಲೇ ಅಲ್ವಾ? ಒಣಗಿದ ಮೇಲೆ ಬಿಚ್ಚಿ, ಬಿಸಿಲಲ್ಲಿ ನೋಡಿ. ಟ್ಯೂಬ್‌ಲೈಟಿನಲ್ಲಿ ತೆಳು ಗುಲಾಬಿ ಕಣ್ಣಿಗೆ ಬೀಳೋದಿಲ್ಲ.

ಈಗ ಮೂರು ತರಹ ಆಗಬಹುದು. ಲೋಟದ ನೀರಿಗೂ ಬಣ್ಣ ಇಲ್ಲ, ತುಂಡೂ ಬೆಳ್ಳಗಿದೆ ಅಂದರೆ ತೊಂದರೆ ಇಲ್ಲ. ನೀರಿಗೆ ಬಣ್ಣ ಬಂದಿದೆ, ತುಂಡು ಬೆಳ್ಳಗೇ ಇದೆ ಅಂದರೆ, ಹೆಚ್ಚಾದ ಬಣ್ಣ ಕಳೆದುಹೋಗುತ್ತಿದೆ ಅಂತ ಸಾಮಾನ್ಯವಾಗಿ ತಿಳಿಯಬಹುದು. ಅದೇ ಎಳೆಗಳನ್ನು ಇನ್ನೆರಡು ಸಲ ಹೊಸ ನೀರಲ್ಲಿ ಹಾಗೇ ಮಾಡಿ. ಮೂರನೇ ಲೋಟ ತಿಳಿಯಾಗಿದ್ದರೆ ಮೊದಲ ಎರಡು ಮೂರು ಒಗೆತಕ್ಕೆ ಮಾತ್ರ ಎಚ್ಚರ ಹೇಳಿದರೆ ಸಾಕು. ತುಂಡಿಗೇ ಬಣ್ಣ ಹತ್ತಿದೆ ಅಂದರೆ ಬಣ್ಣ ಸರಿಯಾಗಿ ಕೂತಿಲ್ಲ. ಆ ಮಾಲನ್ನು ಬಿಳಿ ಒಡಲಿನ ಸೀರೆಯಾಗಿ ಮಾರುವ ಮೊದಲು ನೇಕಾರರ ಹತ್ತಿರ ಮಾತಾಡಿ. ಚೀಟಿಯಿಂದ ಸರಿಹೋಗುವ ಕೆಲಸ ಅದಲ್ಲ.

ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಚೀಟಿಯಲ್ಲಿ ಬರೆಯುತ್ತಿದ್ದೆ. ಕೆಲವು ಬಣ್ಣ ಉಪ್ಪಿನ ನೀರಿನಲ್ಲಿ ಇರುವಷ್ಟು ಹೊತ್ತು ಕಡಿಮೆ ಬಿಡುತ್ತವೆ, ಅಷ್ಟೇ. ಮುಂದಿನ ಸಲ ಉಪ್ಪಿಲ್ಲದ ನೀರಿಗೆ ಹಾಕಿದರೆ ಮತ್ತೆ ಅದೇ ಕಥೆ. ಜೊತೆಗೆ ನೆನೆಸಿ ಅಂತ ನಾವೇ ಹೇಳಿದ ಹಾಗೆ ಆಗುತ್ತದೆ. ತೆಗೆದುಬಿಟ್ಟೆ.

ಈಗ ಆ ಕೆನೆ ಸೀರೆಯ ಚೀಟಿಯಲ್ಲಿ ಏನಿದೆ ಓದುತ್ತೇನೆ. "ನೆನೆಸಿಡಬೇಡಿ. ಅರ್ಧ ಬಕೆಟ್ ತಣ್ಣೀರಿಗೆ ಒಂದು ಚಮಚ ಸೋಪಿನ ಪುಡಿ ಪೂರ್ತಿ ಕರಗಿಸಿ, ಆಮೇಲೆ ಸೀರೆ ಹಾಕಿ. ಐದು ನಿಮಿಷದಲ್ಲಿ ಒಗೆದು, ನೀರು ತಿಳಿಯಾಗುವ ತನಕ ಜಾಲಿಸಿ. ತಕ್ಷಣ ನೆರಳಲ್ಲಿ ಹರವಿ. ಸೀರೆಯ ನಡುಭಾಗ ಹಗ್ಗದ ಮೇಲೆ ಬರಲಿ, ಎರಡೂ ಅಂಚು ಕೆಳಗೆ ಇಳಿಬೀಳಲಿ. ಒಡಲಿಗೆ ಬಣ್ಣ ಹತ್ತಿದ್ದು ಕಂಡರೆ ಒಣಗಲು ಬಿಡದೆ ತಣ್ಣೀರಲ್ಲಿ ಮತ್ತೆ ಮತ್ತೆ ಜಾಲಿಸಿ."

ಇಷ್ಟೇ. ಅಂಚು ಕೆಳಗೆ ಯಾಕೆ ಅಂದರೆ ನೀರು ಕೆಳಕ್ಕೇ ಇಳಿಯುತ್ತದೆ. ಬಣ್ಣ ಬಿಟ್ಟರೂ ನೆಲಕ್ಕೆ ತೊಟ್ಟಿಕ್ಕುತ್ತದೆ, ಒಡಲಿಗೆ ಹೋಗೋದಿಲ್ಲ. ಹಾಗೇ ಗಮನಿಸಿ, "ಮೃದುವಾದ ಮಾರ್ಜಕ ಬಳಸಿ" ಅಂತ ನಾನು ಬರೆದಿಲ್ಲ. ಮಾರ್ಜಕ ಅಂತ ಯಾರ ಮನೆಯಲ್ಲೂ ಯಾರೂ ಅನ್ನೋದಿಲ್ಲ. ಬಕೆಟ್, ಚಮಚ, ಹಗ್ಗ, ಇವು ಎಲ್ಲರ ಮನೆಯಲ್ಲೂ ಇರುತ್ತವೆ.

ರೇಷ್ಮೆಗೆ ಬೇರೆ ಚೀಟಿ, ಬೇರೆ ಬಣ್ಣದ ಕಾಗದ. ಒಂದೇ ಚೀಟಿಯಲ್ಲಿ ಎರಡೂ ಬರೆದರೆ ಗಿರಾಕಿ ತನಗೆ ಬೇಡದ ಸಾಲನ್ನೇ ಓದಿರುತ್ತಾರೆ. ರೇಷ್ಮೆ ನಮ್ಮ ಕೂದಲಿನ ಹಾಗೆ ಪ್ರೋಟೀನಿನಿಂದ ಆದದ್ದು. ಸೋಪಿನ ಪುಡಿಯಲ್ಲಿರುವ ಕ್ಷಾರ ಅದರ ಹೊಳಪು ಕಳೆಯುತ್ತದೆ. ಹಾಲು, ರಕ್ತದ ಕಲೆ ತೆಗೆಯಲು ಕೆಲವು ಪುಡಿಗಳಲ್ಲಿ ಎಂಜೈಮ್ ಹಾಕಿರುತ್ತಾರೆ. ಅದು ಕಲೆಯ ಪ್ರೋಟೀನನ್ನು ಕರಗಿಸುವ ಹಾಗೆ ರೇಷ್ಮೆಯನ್ನೂ ತಿನ್ನುತ್ತದೆ. ಅದಕ್ಕೇ ಅಲ್ಲಿ "ಸೋಪಿನ ಪುಡಿ ಬೇಡ, ಒಂದು ಚಮಚ ತಲೆ ಶಾಂಪೂ" ಅಂತ ಬರೆಯುತ್ತೇನೆ. ಜರಿ ಇದ್ದರೆ, "ಉಟ್ಟ ಮೇಲೆ ಸೆಂಟು ಹೊಡೆಯಬೇಡಿ, ಇಸ್ತ್ರಿ ಹಿಂಬದಿಗೆ, ಕಡಿಮೆ ಬಿಸಿಯಲ್ಲಿ" ಅಂತ ಸೇರಿಸುತ್ತೇನೆ.

ಎಲ್ಲಾ ರೇಷ್ಮೆಗೂ "ಡ್ರೈ ಕ್ಲೀನ್ ಮಾತ್ರ" ಅಂತ ಸೀಲು ಒತ್ತಿಬಿಡೋದು ಸುಲಭ. ಅಂಗಡಿಯವರಿಗೆ ಜವಾಬ್ದಾರಿ ತಪ್ಪುತ್ತದೆ. ಆದರೆ ಗಿರಾಕಿ ಸಣ್ಣ ಹಳ್ಳಿಯವರಾದರೆ ಡ್ರೈ ಕ್ಲೀನ್ ಅಂಗಡಿ ಎಲ್ಲಿ ಹುಡುಕಬೇಕು? ಪರೀಕ್ಷೆಯಲ್ಲಿ ಬಣ್ಣ ಬಿಟ್ಟ ಸೀರೆಗೆ ಮಾತ್ರ ನಾನು ಹಾಗೆ ಬರೆಯುತ್ತೇನೆ, ಮಾರುವ ಮೊದಲೇ ಬಾಯಲ್ಲೂ ಹೇಳುತ್ತೇನೆ.

ಒಂದು ಸಣ್ಣ ಮಾತು. ಚೀಟಿಯನ್ನು ಸ್ಕೆಚ್ ಪೆನ್ನಿನಲ್ಲಿ ಬರೆಯಬೇಡಿ. ಮಳೆಗಾಲದಲ್ಲಿ ನನ್ನ ಒಂದು ಚೀಟಿ ಒದ್ದೆಯಾಗಿ, ಅದರ ನೀಲಿ ಶಾಯಿಯೇ ಸೀರೆಗೆ ಹತ್ತಿತ್ತು! ಗುಂಡುಪಿನ್ನೂ ಬೇಡ, ತುಕ್ಕು ಹಿಡಿಯುತ್ತೆ. ದಾರದಲ್ಲಿ ಕಟ್ಟಿ.

ಚೀಟಿಯ ಹಿಂದೆ ಮಾಲಿನ ನಂಬರು, ಮಾರಿದ ದಿನ ಬರೆಯುತ್ತೇನೆ. ಅದೇ ನಂಬರಿಗೆ ಒಂದು ನೋಟ್‌ಬುಕ್ಕಿನಲ್ಲಿ ಪರೀಕ್ಷೆಯ ಬಿಳಿ ತುಂಡುಗಳನ್ನು ಅಂಟಿಸಿಟ್ಟಿದ್ದೇನೆ. ಯಾರಾದರೂ ದೂರು ತಂದರೆ ಈಗ ವಾದ ಮಾಡೋದಿಲ್ಲ, ನೋಟ್‌ಬುಕ್ ತೆಗೆದು ಇಬ್ಬರೂ ಬಾಗಿಲ ಬೆಳಕಿಗೆ ಹಿಡಿದು ನೋಡುತ್ತೇವೆ. ಮೊದಲ ಪುಟದಲ್ಲಿ ಹರಿಹರದ ಅಕ್ಕನ ಸೀರೆಯ ಕೆಂಪು ಎಳೆಗಳಿವೆ. ಅವರಿಗೆ ಬೇರೆ ಸೀರೆ ಕೊಟ್ಟೆ. ಮೊನ್ನೆ ಬಂದಿದ್ದಾಗ ಅದನ್ನೇ ಉಟ್ಟಿದ್ದರು. ನಮಸ್ಕಾರ.