ಹಾಕಿಬಿಡೋದಾ, ಒಂದು ಮಾತು ಕೇಳೋದಾ?

ನಮಸ್ಕಾರ. ಇಲ್ಲಿ ಕೂತಿರುವ ಹೆಚ್ಚಿನವರು ದಾವಣಗೆರೆ ಎಪಿಎಂಸಿ ಅಂಗಡಿಗಳಲ್ಲಿ ಲೆಕ್ಕ ಬರೆಯುವವರು. ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ.

ಶನಿವಾರ ರಾತ್ರಿ ಮೆಕ್ಕೆಜೋಳದ ಪಾರ್ಟಿಯೊಬ್ಬರು ವಾಟ್ಸಾಪ್‌ನಲ್ಲಿ ಎರಡು ಮಾತು ಬರೆದಿದ್ದಾರೆ ಅಂದುಕೊಳ್ಳಿ. ಒಂದು, "ತೂಕದ ಚೀಟಿ ಕಳಿಸಿ ಅಣ್ಣಾ." ಇನ್ನೊಂದು, "ನಮ್ಮ 3,40,000 ಹಳೇ ಖಾತೆಗೆ ಬೇಡ, ಈ ಹೊಸ ಖಾತೆಗೆ ಹಾಕಿ." ನೀವು ನೋಡಿದ್ದು ಸೋಮವಾರ ಬೆಳಿಗ್ಗೆ.

ಚೀಟಿಗೆ ಯೋಚನೆ ಬೇಡ, ಕಳಿಸಿಬಿಡಿ. ತಪ್ಪು ಚೀಟಿ ಹೋದರೆ ಇನ್ನೊಂದು ಕಳಿಸಿದರಾಯಿತು. "ಯಾವ ಚೀಟಿ, ಕಳಿಸಲಾ?" ಅಂತ ಇದಕ್ಕೂ ಕೇಳುತ್ತಾ ಕೂತರೆ, ಅವರು ನಿಮ್ಮ ಪ್ರಶ್ನೆಗಳನ್ನು ಓದದೆ ಸುಮ್ನೆ "ಹೂಂ" ಅನ್ನುವುದನ್ನು ಕಲಿಯುತ್ತಾರೆ. ಆಮೇಲೆ ದುಡ್ಡಿನ ಪ್ರಶ್ನೆಗೂ ಅದೇ "ಹೂಂ" ಬರುತ್ತದೆ.

ದುಡ್ಡಿನ ಕಥೆ ಬೇರೆ. ಎರಡು ಲಕ್ಷ ದಾಟಿದ್ದರಿಂದ ಆರ್‌ಟಿಜಿಎಸ್ ಮಾಡುತ್ತೀರಿ, ಅದು 2020ರ ಡಿಸೆಂಬರ್‌ನಿಂದ ಹಗಲು ರಾತ್ರಿ ನಡೆಯುತ್ತದೆ, ಒಂದು ಸಲ ಹೋಯಿತೆಂದರೆ ನಿಮ್ಮ ಕೈಲಿ ವಾಪಸ್ ತರಿಸಲು ಆಗುವುದಿಲ್ಲ, ದುಡ್ಡು ಸೇರಿದವರೇ ಒಪ್ಪಿ ಕೊಡಬೇಕು. 2025ರ ಏಪ್ರಿಲ್‌ನಿಂದ ಖಾತೆ ನಂಬರ್ ಹಾಕಿದರೆ ಹೆಸರು ತೋರಿಸುವ ಸೌಲಭ್ಯ ಬಂದಿದೆಯಲ್ಲ ಅನ್ನಬಹುದು. ಒಳ್ಳೆಯದೇ, ನೋಡಿ. ಆದರೆ ಹೆಸರು ಸರಿ ಇದ್ದರೂ ಆ ಮಾತು ಈಗಲೂ ನಿಂತಿದೆಯಾ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಭಾನುವಾರ ಅವರು ನಿಮ್ಮ ಯಜಮಾನರಿಂದ ಒಂದಷ್ಟು ಮುಂಗಡ ತಗೊಂಡಿರಬಹುದು, ಅಲ್ವಾ? ಮೆಸೇಜ್ ಮಾತ್ರ ಶನಿವಾರದ್ದೇ ಕೂತಿರುತ್ತದೆ.

ಹಾಗಾಗಿ ಖಾತೆ ಬದಲಾಗಿದ್ದರೆ ಕೇಳಲೇಬೇಕು. ಅದೇ ಪಾರ್ಟಿ, ಅದೇ ಹಳೇ ಖಾತೆ, ಬಿಲ್‌ನಷ್ಟೇ ಮೊತ್ತ ಆಗಿದ್ದರೆ ನಾನಂತೂ ಕೇಳುವುದಿಲ್ಲ, ಹಾಕಿಬಿಡುತ್ತೇನೆ.

ಕೇಳುವಾಗ ಮೆಸೇಜ್‌ನಲ್ಲೇ ವಾಪಸ್ ಕೇಳಬೇಡಿ. ಫೋನ್ ಯಾರ ಕೈಗಾದರೂ ಸಿಕ್ಕಿದ್ದರೆ, ಇಲ್ಲಾ ವಾಟ್ಸಾಪನ್ನೇ ಯಾರಾದರೂ ಹಿಡಿದುಕೊಂಡಿದ್ದರೆ, "ಹೌದು" ಅನ್ನುವವನೂ ಅವನೇ. ನಿಮ್ಮ ಪುಸ್ತಕದಲ್ಲಿ ಮೊದಲಿನಿಂದ ಇರುವ ನಂಬರ್‌ಗೆ ಕಾಲ್ ಮಾಡಿ, ದನಿ ಕೇಳಿ. "4417 ಖಾತೆ, ಸರಿನಾ?" ಅಂತ ನೀವೇ ಓದಿ ಹೇಳಬೇಡಿ. "ಕೊನೇ ನಾಲ್ಕು ನಂಬರ್ ಹೇಳಿ, ಎಷ್ಟು ಹಾಕಬೇಕು ಹೇಳಿ" ಅನ್ನಿ. ಮುಂಗಡದ ವಿಷಯ ಮೊತ್ತ ಕೇಳಿದಾಗಲೇ ಹೊರಬರುವುದು.

ಫೋನ್ ಎತ್ತಲಿಲ್ಲವಾ? ಆಗ ಹಳೇ ಖಾತೆಗೂ ಹಾಕಬೇಡಿ, ಅದು ಬೇಡ ಅಂತ ಹೇಳಿದ್ದಾರೆ. "ದುಡ್ಡು ಇನ್ನೂ ಹಾಕಿಲ್ಲ, ನಿಮ್ಮ ಜೊತೆ ಮಾತಾಡಿದ ಮೇಲೆ ಹಾಕುತ್ತೇನೆ" ಅಂತ ಬರೆದಿಡಿ. ಇದನ್ನು ಬರೆಯದಿದ್ದರೆ ಅವರು ದುಡ್ಡು ಬಂತು ಅಂದುಕೊಂಡು ಗೊಬ್ಬರದ ಅಂಗಡಿಗೆ ಚೆಕ್ ಕೊಟ್ಟಿರುತ್ತಾರೆ, ಆ ಚೆಕ್ ಬೌನ್ಸ್ ಆದರೆ ಜಗಳ ನಿಮ್ಮ ಅಂಗಡಿಗೇ ಬರುವುದು.